ಸೋಲಾರ್ ಲೀಸಿಗೆ ಸಹಿ ಹಾಕುವ ಕಂಪನಿ ಯಾವುದು? ಹೋಲ್ಡಿಂಗಾ, ಆಪರೇಟಿಂಗಾ, ಎಸ್‌ಪಿವಿನಾ?

ಆಳಂದ ಹೊಲ:
ಎಲ್ಲರಿಗೂ ನಮಸ್ಕಾರ. ಆಳಂದ ತಾಲೂಕಿನಲ್ಲಿ ನಮ್ಮದು 8 ಎಕರೆ ಹೊಲ ಇದೆ. ಸೋಲಾರ್ ಪ್ಲಾಂಟಿಗೆ 29 ವರ್ಷಕ್ಕೆ ಲೀಸ್ ಕೇಳುತ್ತಿದ್ದಾರೆ. ಎಕರೆಗೆ ವರ್ಷಕ್ಕೆ ₹30,000. ಅಕ್ಕಪಕ್ಕದ ಹೊಲದವರೂ ಕೊಡಲು ತಯಾರಿದ್ದಾರೆ.

ಮಾತಾಡಲು ಬಂದವರ ಜಾಕೆಟ್ ಮೇಲೆ ಒಂದು ದೊಡ್ಡ ಗ್ರೂಪಿನ ಹೆಸರಿತ್ತು. ಆದರೆ ಲೀಸ್ ಕರಡಿನಲ್ಲಿ ಬಾಡಿಗೆ ಕೊಡಬೇಕಾದ ಕಂಪನಿಯ ಹೆಸರೇ ಬೇರೆ. ಗ್ರೂಪಿನ ಹೆಸರಿನ ಮುಂದೆ 'ಸೋಲಾರ್ ಫೈವ್ ಪ್ರೈವೇಟ್ ಲಿಮಿಟೆಡ್' ಅಂತಿದೆ. ಕೇಳಿದರೆ "ಅದೂ ನಮ್ಮದೇ, ಮೇಲೆ ಹೋಲ್ಡಿಂಗ್ ಕಂಪನಿ ಇದೆ, ನೂರಾರು ಕೋಟಿ ವ್ಯವಹಾರ, ಚಿಂತೆ ಬೇಡ" ಅನ್ನುತ್ತಾರೆ. ಅಣ್ಣನೂ ಅದನ್ನೇ ಹೇಳುತ್ತಿದ್ದಾನೆ.

ನನ್ನ ಪ್ರಶ್ನೆ ಇಷ್ಟೇ. ಈ ಸೋಲಾರ್ ಫೈವ್ ಅನ್ನುವುದು ಎಂಥ ಕಂಪನಿ? ನಾಳೆ ಬಾಡಿಗೆ ಬರದಿದ್ದರೆ ಮೇಲಿನವರನ್ನು ಕೇಳಬಹುದಾ?

ಬೀದರ್ ಕೋಟೆ:
ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಮ್ಮಾ, ಇದು ಎಸ್‌ಪಿವಿ, ಒಂದೇ ಪ್ರಾಜೆಕ್ಟಿಗೆ ಅಂತ ಮಾಡಿದ ಪ್ರತ್ಯೇಕ ಕಂಪನಿ. ಅಂದರೆ ಕಾಗದದ ಕಂಪನಿ. ಒಳಗೆ ಏನೂ ಇರುವುದಿಲ್ಲ. ಕೈ ಎತ್ತಬೇಕು ಅಂತಲೇ ಇಂಥವನ್ನು ಮಾಡಿರುತ್ತಾರೆ. ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಅಂಡ್ ಎಫ್ಎಸ್ ಗ್ರೂಪ್ ನೆನಪಿದೆ ಅಲ್ವಾ? 2018ರಲ್ಲಿ ಮುಳುಗಿದಾಗ ಒಳಗೆ 300ಕ್ಕೂ ಹೆಚ್ಚು ಕಂಪನಿ ಹೊರಬಿದ್ದವು. ಸಹಿ ಹಾಕುವುದಿದ್ದರೆ ಹೋಲ್ಡಿಂಗ್ ಕಂಪನಿಯ ಜೊತೆ ಹಾಕು. ಇಲ್ಲದಿದ್ದರೆ ಬೇಡ.

ತೊಗರಿ ಮಿಲ್:
ಹೋಲ್ಡಿಂಗ್ ಕಂಪನಿ ಅಂದರೆ ಸ್ವಂತ ವ್ಯಾಪಾರ ಮಾಡದೆ ಬರೀ ಶೇರು ಇಟ್ಟುಕೊಂಡಿರುವ ಕಂಪನಿ, ಸರಿ ಅಲ್ವಾ? ನಮ್ಮ ಆಡಿಟರ್ ನನಗೂ ಒಂದು ಮಾಡಿಸಿಕೊಳ್ಳಿ ಅಂದರು. ಮಿಲ್ ಒಂದು ಕಂಪನಿ, ಗೋದಾಮು ಮತ್ತು ಜಾಗ ಇನ್ನೊಂದು ಕಂಪನಿ, ಎರಡರ ಮೇಲೆ ಒಂದು ಹೋಲ್ಡಿಂಗ್. ಮಿಲ್ಲಿಗೆ ಏನಾದರೂ ಆದರೆ ಜಾಗ ಉಳಿಯುತ್ತದೆ ಅಂತ. ಇದರ ಬಗ್ಗೆಯೂ ಯಾರಾದರೂ ಹೇಳಿ.

ಲೆಕ್ಕದ ಪುಸ್ತಕ:
ಕಲಬುರಗಿಯಲ್ಲಿ ಕಂಪನಿ ಸೆಕ್ರೆಟರಿ ಆಗಿ ಕೆಲಸ ಮಾಡುತ್ತೇನೆ. ಮೊದಲು ಮಿಲ್ ಮಾಲಕರಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅಲ್ಲಿಂದಲೇ ಗೊಂದಲ ಶುರುವಾಗುತ್ತದೆ.

ಸರ್, ನೀವು ಹೇಳಿದ್ದು ಅರ್ಧ ಸರಿ. ಬರೀ ಶೇರು ಹಿಡಿದು ಕೂತ ಹೋಲ್ಡಿಂಗ್ ಕಂಪನಿಗಳಿವೆ. ಆದರೆ ಕಾಯ್ದೆ ಅದನ್ನು ಕೇಳುವುದಿಲ್ಲ. ಕಂಪನಿ ಕಾಯ್ದೆ 2013ರ ಕಲಂ 2(87) ನೋಡುವುದು ಹಿಡಿತವನ್ನು. ಇನ್ನೊಂದು ಕಂಪನಿಯ ಅರ್ಧಕ್ಕಿಂತ ಜಾಸ್ತಿ ಮತ ನಿಮ್ಮ ಕೈಲಿರಬೇಕು, ಇಲ್ಲವೇ ಅದರ ಬೋರ್ಡಿನಲ್ಲಿ ಯಾರು ಕೂರಬೇಕು ಅಂತ ನೀವು ತೀರ್ಮಾನಿಸುವಂತಿರಬೇಕು. ಆಗ ನೀವು ಅದರ ಹೋಲ್ಡಿಂಗ್. ನೀವು ಸ್ವಂತವಾಗಿ ಏನು ಮಾಡುತ್ತೀರಿ ಅನ್ನುವುದು ಬೇರೆ ಮಾತು. ಲಾರ್ಸನ್ ಅಂಡ್ ಟೂಬ್ರೋ ತಾನೇ ಸೇತುವೆ ಕಟ್ಟುತ್ತದೆ, ಜೊತೆಗೆ ಹಲವು ಕಂಪನಿಗಳ ಹೋಲ್ಡಿಂಗ್ ಕೂಡ. ಹೋಲ್ಡಿಂಗ್ ಅನ್ನುವುದು ಸಂಬಂಧದ ಹೆಸರು. ಆಪರೇಟಿಂಗ್ ಅನ್ನುವುದು ಮಾಡುವ ಕೆಲಸದ ಹೆಸರು. ಒಂದೇ ಕಂಪನಿ ಎರಡೂ ಆಗಿರಬಹುದು.

ನಿಮ್ಮ ಮಿಲ್ ವಿಷಯ: ಕಾಗದದಲ್ಲಿ ಬೇರೆ ಮಾಡಬಹುದು. ಆದರೆ ಹಂಗಾಮಿನಲ್ಲಿ ತೊಗರಿ ಖರೀದಿಗೆ ಸಾಲ ಕೇಳಿದಾಗ ಬ್ಯಾಂಕು ಜಾಗದ ಕಂಪನಿಯಿಂದಲೂ ಗ್ಯಾರಂಟಿ ಬರೆಸಿಕೊಳ್ಳುತ್ತದೆ. ಆ ದಿನವೇ ನೀವು ಕಟ್ಟಿದ ಗೋಡೆ ಬಿತ್ತು.

ಆಳಂದದವರೇ, ನಿಮ್ಮದು ಹೆಸರಿನಿಂದ ಗೊತ್ತಾಗುವುದಿಲ್ಲ, ಕಡತ ತೆಗೆಯಬೇಕು. ಲೀಸ್ ಕರಡಿನ ಮೊದಲ ಪುಟದಲ್ಲಿ 21 ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತದೆ, ಸಿಐಎನ್. ಸುಮಾರು ಹೀಗಿರುತ್ತದೆ:

```
U35105KA2023PTC000000
```

ಮೊದಲ ಅಕ್ಷರ `U` ಅಂದರೆ ಶೇರು ಮಾರುಕಟ್ಟೆಯಲ್ಲಿ ಇಲ್ಲ, `L` ಅಂದರೆ ಇದೆ. ಆಮೇಲಿನ ಐದು ಅಂಕಿ ಉದ್ಯಮದ್ದು. `35105` ಸೋಲಾರ್ ವಿದ್ಯುತ್ತಿಗೆ, `64200` ಹೋಲ್ಡಿಂಗ್ ಕಂಪನಿಗೆ, `10613` ಬೇಳೆ ಮಿಲ್ಲಿಗೆ. ಆಮೇಲೆ ರಾಜ್ಯ, ನೋಂದಣಿ ವರ್ಷ, ಪ್ರೈವೇಟಾ ಪಬ್ಲಿಕ್ಕಾ ಅನ್ನುವುದು. ಆದರೆ ಈ ಅಂಕಿ ಕಂಪನಿ ಹುಟ್ಟುವಾಗ ತಾನೇ ಬರೆಸಿಕೊಂಡದ್ದು, ಈಗ ಅದನ್ನೇ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಸಾಕ್ಷಿ ಬೇಕಾದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ಗೆ ಹೋಗಿ. `View Company Master Data` ಪುಕ್ಕಟೆ. ಅಲ್ಲಿ ಬಂಡವಾಳ, ನಿರ್ದೇಶಕರು, ಯಾವ ಬ್ಯಾಂಕಿನ ಸಾಲಕ್ಕೆ ಆಸ್ತಿ ಅಡವಿದೆ ಅನ್ನುವುದು ಸಿಗುತ್ತದೆ. `View Public Documents` ನಲ್ಲಿ ₹100 ಕಟ್ಟಿದರೆ ಎರಡು ಫಾರಂ ಸಿಗುತ್ತವೆ. `AOC-4` ನಲ್ಲಿ ಬ್ಯಾಲೆನ್ಸ್ ಶೀಟ್, `MGT-7` ನಲ್ಲಿ ಯಾರ ಕೈಲಿ ಎಷ್ಟು ಶೇರು ಅನ್ನುವುದು. ಸೋಲಾರ್ ಫೈವ್‌ದು ತೆಗೆಯಿರಿ. ಅದರ ಮೇಲಿನ ಕಂಪನಿಯದೂ ತೆಗೆಯಿರಿ. ಇದೇ ಗ್ರೂಪಿನ ಹಳೆಯ ಪ್ಲಾಂಟ್ ಕಂಪನಿ ಇದ್ದರೆ ಅದನ್ನಂತೂ ಬಿಡಬೇಡಿ. ಅಂಕಿ ಇಲ್ಲಿ ಹಾಕಿ, ಹೆಸರು ಬೇಡ.

ಸೇಡಂ ಕಾಕಾ:
ಇನ್ವೆಸ್ಟ್‌ಮೆಂಟ್ ಕಂಪನಿ ಬಗ್ಗೆ ನಾನೂ ಕೇಳಬೇಕಿತ್ತು. ನಮ್ಮ ಕಡೆ ಒಂದು ಕಂಪನಿ ಆಫೀಸ್ ತೆಗೆದಿದೆ. ಬೋರ್ಡಿನಲ್ಲಿ 'ಇನ್ವೆಸ್ಟ್‌ಮೆಂಟ್ಸ್' ಅಂತಲೇ ಇದೆ. ₹1 ಲಕ್ಷ ಇಟ್ಟರೆ ತಿಂಗಳಿಗೆ ₹3,000 ಕೊಡುತ್ತಾರಂತೆ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದಾರೆ. ಇಡಬಹುದಾ?

ಲೆಕ್ಕದ ಪುಸ್ತಕ:
ಕಾಕಾ, ದಯವಿಟ್ಟು ಇಡಬೇಡಿ. ಇಲ್ಲಿ ಮಾತಾಡುತ್ತಿರುವ ಇನ್ವೆಸ್ಟ್‌ಮೆಂಟ್ ಕಂಪನಿ ಬೇರೆ. ಅದು ತನ್ನ ಹಣದಲ್ಲಿ ಬೇರೆ ಕಂಪನಿಗಳ ಶೇರು, ಬಾಂಡ್ ಕೊಂಡು ಇಟ್ಟುಕೊಳ್ಳುವ ಕಂಪನಿ. ಜನರಿಂದ ಠೇವಣಿ ತೆಗೆದುಕೊಳ್ಳಲು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಬೇಕು. ಗೋಡೆಯ ಮೇಲಿರುವುದು ಬಹುಶಃ ಕಂಪನಿ ನೋಂದಣಿ ಪತ್ರ. ಅದು ಯಾರಿಗೆ ಬೇಕಾದರೂ ಸಿಗುತ್ತದೆ. ರಿಸರ್ವ್ ಬ್ಯಾಂಕಿನ `Sachet` ಪೋರ್ಟಲ್ಲಿನಲ್ಲಿ ಆ ಹೆಸರು ಹುಡುಕಿ. ಠೇವಣಿ ತೆಗೆದುಕೊಳ್ಳುವ ಅನುಮತಿ ಇದೆ ಅಂತ ಸಿಗದಿದ್ದರೆ ಅಲ್ಲಿಯೇ ದೂರು ಕೊಡಬಹುದು. ಅನುಮತಿ ಇಲ್ಲದೆ ಠೇವಣಿ ತೆಗೆದುಕೊಳ್ಳುವುದನ್ನು 2019ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ತಿಂಗಳಿಗೆ ನೂರಕ್ಕೆ ಮೂರು ಕೊಡುತ್ತೇವೆ ಅನ್ನುವಲ್ಲಿಗೆ ನೀವು ಹೋಗುವುದೇ ಬೇಡ.

ಸೇಡಂ ಕಾಕಾ:
ಆಯ್ತವ್ವ. ಮನೆಯವರಿಗೂ ಹೇಳುತ್ತೇನೆ. ಪಕ್ಕದ ಮನೆಯವರು ಆಗಲೇ ಇಟ್ಟುಬಿಟ್ಟಿದ್ದಾರೆ.

ಶೇರ್ ಪೇಟೆ ಹುಡುಗ:
ಹಾಗಾದರೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಯಾವುದಕ್ಕೆ ಸೇರುತ್ತದೆ ಅಕ್ಕಾ? 2024ರ ಅಕ್ಟೋಬರ್ 29ರಂದು ₹3.53 ಇದ್ದ ಶೇರು ಒಂದೇ ದಿನಕ್ಕೆ ₹2,36,250 ಆಯಿತಲ್ಲ. ಎಲ್ಲರೂ ಅದನ್ನು ಏಷ್ಯನ್ ಪೇಂಟ್ಸಿನ ಹೋಲ್ಡಿಂಗ್ ಕಂಪನಿ ಅಂತಿದ್ದರು.

ಲೆಕ್ಕದ ಪುಸ್ತಕ:
ಒಳ್ಳೆ ಉದಾಹರಣೆ. ಎಲ್ಸಿಡ್ ಹತ್ತಿರ ಏಷ್ಯನ್ ಪೇಂಟ್ಸ್ ಶೇರುಗಳಿವೆ, ಅದು ಪ್ರವರ್ತಕರ ಗುಂಪಿಗೂ ಸೇರಿದೆ. ಆದರೆ ಅದೊಂದರ ಕೈಲಿ ಅರ್ಧ ಮತ ಇಲ್ಲ, ಹತ್ತಿರಕ್ಕೂ ಇಲ್ಲ. ಹಾಗಾಗಿ ಏಷ್ಯನ್ ಪೇಂಟ್ಸ್ ಮಟ್ಟಿಗೆ ಅದು ಇನ್ವೆಸ್ಟ್‌ಮೆಂಟ್ ಕಂಪನಿ, ಹೋಲ್ಡಿಂಗ್ ಅಲ್ಲ. ಡಿವಿಡೆಂಡ್ ಬರುತ್ತದೆ, ಬಣ್ಣದ ಕಾರ್ಖಾನೆ ಹೇಗೆ ನಡೆಯಬೇಕು ಅಂತ ಅದು ಒಂಟಿಯಾಗಿ ಹೇಳುವಂತಿಲ್ಲ.

ಆ ದಿನ ಅದರ ಆಸ್ತಿ ಬೆಳೆಯಲಿಲ್ಲ. ಇಂಥ ಕಂಪನಿಗಳ ಶೇರು ಒಳಗಿರುವ ಆಸ್ತಿಗಿಂತ ತೀರಾ ಕಡಿಮೆ ಬೆಲೆಗೆ ಬಿದ್ದಿರುತ್ತವೆ ಅಂತ ಸೆಬಿ ವಿಶೇಷ ಹರಾಜು ಮಾಡಿಸಿತು. ಬೆಲೆಗೆ ಅವತ್ತು ಕಟ್ಟುಪಾಡು ಇರಲಿಲ್ಲ, ಅಷ್ಟೇ.

ಯಾದಗಿರಿ ಮಾಸ್ತರ್:
ಬೀದರ್ ಕೋಟೆ ಸರ್, ಎಸ್‌ಪಿವಿ ಅಂದರೆ ಮೋಸ ಅನ್ನುವುದು ಒಪ್ಪಲಾಗುವುದಿಲ್ಲ. ನಮ್ಮ ಕಲಬುರಗಿಗೆ ಬಂದ ಪಿಎಂ ಮಿತ್ರ ಜವಳಿ ಪಾರ್ಕ್ ನೋಡಿ. 2023ರಲ್ಲಿ ಘೋಷಣೆಯಾದ ಏಳು ಜಾಗಗಳಲ್ಲಿ ನಮ್ಮದೂ ಒಂದು. ಆ ಯೋಜನೆಯ ನಿಯಮದಲ್ಲೇ ಪ್ರತಿ ಹೊಸ ಪಾರ್ಕಿಗೆ ಒಂದು ಎಸ್‌ಪಿವಿ, ರಾಜ್ಯದ್ದು 51, ಕೇಂದ್ರದ್ದು 49 ಪಾಲು ಅಂತಿದೆ. ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿಯೂ ಎಸ್‌ಪಿವಿನೇ. ಸರ್ಕಾರವೇ ಮಾಡುತ್ತದೆ ಅಂದಮೇಲೆ?

ಬೀದರ್ ಕೋಟೆ:
ಮಾಸ್ತರೇ, ಸರ್ಕಾರ ಮಾಡಿದರೆ ಸರ್ಕಾರ ಹಿಂದೆ ನಿಂತಿರುತ್ತದೆ. ಖಾಸಗಿಯವರು ಮಾಡಿದರೆ ಯಾರು ನಿಂತಿರುತ್ತಾರೆ? ನನ್ನ ಕಾಲದಲ್ಲಿ ರಸ್ತೆ ಕಂಪನಿಗಳಿಗೆ ಕೊಟ್ಟ ಸಾಲ ಎಷ್ಟು ಕೆಟ್ಟವು ಅಂತ ಕಣ್ಣಾರೆ ನೋಡಿದ್ದೇನೆ.

ಆಳಂದ ಹೊಲ:
ಅಕ್ಕಾ, ಎಲ್ಲ ತೆಗೆದೆ. ನನ್ನ ಅಳಿಯ ಬಿಕಾಂ ಓದುತ್ತಿದ್ದಾನೆ, ಅವನೇ ಜೊತೆಗೆ ಕೂತು ಓದಿ ಹೇಳಿದ. ನೀವು ಹೇಳಿದ್ದು ಮೂರು, ಐದು ಕಂಪನಿ ಸಿಕ್ಕವು.

ಸೋಲಾರ್ ಫೈವ್: ಬಂಡವಾಳ ₹1 ಲಕ್ಷ. ಮೇಲಿನ ಕಂಪನಿಯಿಂದ ಸಾಲ ₹38 ಲಕ್ಷ. ಆದಾಯ ಸೊನ್ನೆ. ಬ್ಯಾಂಕ್ ಅಡವು ಇಲ್ಲ. ಶೇರು ಪೂರ್ತಿ ಮೇಲಿನ 'ಹೋಲ್ಡಿಂಗ್ಸ್' ಕಂಪನಿಯದು.

ಸೋಲಾರ್ ಟೂ, ಬೇರೆ ಜಿಲ್ಲೆಯಲ್ಲಿ ಓಡುತ್ತಿರುವ 20 ಮೆಗಾವಾಟ್ ಪ್ಲಾಂಟ್: ಆಸ್ತಿ ಸುಮಾರು ₹88 ಕೋಟಿ, ಬ್ಯಾಂಕ್ ಸಾಲ ₹62 ಕೋಟಿ, ವರ್ಷದ ಆದಾಯ ₹13 ಕೋಟಿ, ಎಲ್ಲವೂ ಒಂದೇ ಗಿರಾಕಿಯಿಂದ. ನೌಕರರ ಸಂಬಳ ಸೊನ್ನೆ. ಜಮೀನು ಬಾಡಿಗೆ ₹27 ಲಕ್ಷ.

ಹೋಲ್ಡಿಂಗ್ಸ್: ಇದರದ್ದು ಎರಡು ಬ್ಯಾಲೆನ್ಸ್ ಶೀಟ್ ಇದೆ, ಯಾಕೆ ಅಂತ ಗೊತ್ತಾಗಲಿಲ್ಲ. ಒಂದರಲ್ಲಿ ಆದಾಯ ₹240 ಕೋಟಿ, ಇನ್ನೊಂದರಲ್ಲಿ ₹19 ಕೋಟಿ. ಎರಡನೆಯದರಲ್ಲಿ ಒಟ್ಟು ಆಸ್ತಿ ₹610 ಕೋಟಿ. ಅದರಲ್ಲಿ ಮಕ್ಕಳ ಕಂಪನಿಗಳ ಶೇರು ₹330 ಕೋಟಿ, ಅವಕ್ಕೇ ಕೊಟ್ಟ ಸಾಲ ₹210 ಕೋಟಿ. ₹19 ಕೋಟಿ ಆದಾಯದಲ್ಲಿ ಬಡ್ಡಿ ₹8 ಕೋಟಿ, ಮ್ಯಾನೇಜ್‌ಮೆಂಟ್ ಶುಲ್ಕ ₹11 ಕೋಟಿ.

ಸರ್ವಿಸಸ್ ಕಂಪನಿ: ಆದಾಯ ₹31 ಕೋಟಿ, ಸಂಬಳಕ್ಕೇ ₹17 ಕೋಟಿ. ನಮ್ಮ ಊರಿಗೆ ಬಂದವರು ಇದರ ನೌಕರರಂತೆ.

'ಇನ್ವೆಸ್ಟ್‌ಮೆಂಟ್ಸ್' ಅಂತ ಮನೆತನದ ಕಂಪನಿ: ಹೋಲ್ಡಿಂಗ್ಸ್‌ನಲ್ಲಿ ನೂರಕ್ಕೆ 9 ಪಾಲು. ಉಳಿದದ್ದು ಬ್ಯಾಂಕ್, ಸಿಮೆಂಟ್ ಕಂಪನಿಗಳ ಶೇರು.

ಲೆಕ್ಕದ ಪುಸ್ತಕ:
ತುಂಬಾ ಚೆನ್ನಾಗಿ ತೆಗೆದಿದ್ದೀರಿ. ನಿಮ್ಮ ಮುಂದೆ ನಾಲ್ಕೂ ಬಗೆಯ ಕಂಪನಿ ಇವೆ.

ಸುಲಭದ್ದು ಸರ್ವಿಸಸ್. ಜನರನ್ನು ಇಟ್ಟುಕೊಂಡಿದೆ, ಸಂಬಳ ಕೊಡುತ್ತದೆ, ಪ್ಯಾನಲ್ ತೊಳೆಯುವುದರಿಂದ ಹಿಡಿದು ರಿಪೇರಿಯವರೆಗೆ ಕೆಲಸ ಮಾಡಿ ದುಡ್ಡು ತೆಗೆದುಕೊಳ್ಳುತ್ತದೆ. ಅದು ಆಪರೇಟಿಂಗ್ ಕಂಪನಿ. ನಿಮ್ಮ ಜೊತೆ ಮಾತಾಡಿದ್ದು ಅದರ ಜನ, ಆದರೆ ಅದು ನಿಮಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಡೀಡಿನಲ್ಲಿ ಅದರ ಹೆಸರೇ ಇಲ್ಲ. ಮನೆತನದ ಕಂಪನಿ ಇನ್ವೆಸ್ಟ್‌ಮೆಂಟ್ ಕಂಪನಿ. ಹಲವು ಕಡೆ ಸ್ವಲ್ಪ ಸ್ವಲ್ಪ ಪಾಲು, ಎಲ್ಲೂ ಹಿಡಿತ ಇಲ್ಲ.

ಈಗ ಎರಡು ಬ್ಯಾಲೆನ್ಸ್ ಶೀಟ್ ವಿಷಯ. ಜನ ಎಡವುವುದು ಇಲ್ಲೇ. ₹240 ಕೋಟಿಯದು ಕನ್ಸಾಲಿಡೇಟೆಡ್. ಅಂದರೆ ಹೋಲ್ಡಿಂಗ್ ಮತ್ತು ಅದರ ಎಲ್ಲ ಮಕ್ಕಳ ಕಂಪನಿಗಳನ್ನು ಒಂದೇ ಮನೆ ಅಂತ ತಿಳಿದು ಬರೆದ ಲೆಕ್ಕ. ಓದಿದರೆ ಇದೇ ವಿದ್ಯುತ್ ತಯಾರಿಸಿ ಮಾರುತ್ತಿದೆ ಅನ್ನಿಸುತ್ತದೆ. ₹19 ಕೋಟಿಯದು ಸ್ಟ್ಯಾಂಡಲೋನ್. ಆ ಒಂದು ಕಂಪನಿಯ ಸ್ವಂತ ಲೆಕ್ಕ. ಅಲ್ಲಿ ಪ್ಯಾನಲ್ ಇಲ್ಲ, ಜಮೀನು ಇಲ್ಲ, ಬರೀ ಶೇರು ಮತ್ತು ಸಾಲ. ಯಾವ ಬಗೆಯ ಕಂಪನಿ ಅಂತ ತಿಳಿಯಬೇಕಾದರೆ ಯಾವಾಗಲೂ ಸ್ಟ್ಯಾಂಡಲೋನ್ ನೋಡಿ. "ನೂರಾರು ಕೋಟಿ ವ್ಯವಹಾರ" ಅಂತ ನಿಮಗೆ ಹೇಳಿದ್ದು ಕನ್ಸಾಲಿಡೇಟೆಡ್ ಅಂಕಿ.

ಸೋಲಾರ್ ಟೂ ಮತ್ತು ಫೈವ್ ಎರಡೂ ಎಸ್‌ಪಿವಿ. ಒಂದೇ ಪ್ರಾಜೆಕ್ಟ್, ಒಂದೇ ಗಿರಾಕಿ, ಸಂಬಳ ಸೊನ್ನೆ, ಸಾಲ ಆ ಪ್ರಾಜೆಕ್ಟಿನ ಮೇಲೆ ಮಾತ್ರ. ಕೋಟೆ ಸರ್, ಟೂ ಒಳಗೆ ₹88 ಕೋಟಿ ಆಸ್ತಿ ಇದೆ. ಅದನ್ನು ಕಾಗದದ ಕಂಪನಿ ಅನ್ನುವುದು ಹೇಗೆ? ಪ್ರತಿ ಪ್ಲಾಂಟಿಗೆ ಬೇರೆ ಕಂಪನಿ ಮಾಡಿ ಅಂತ ಎಷ್ಟೋ ಸಲ ಬ್ಯಾಂಕೇ ಕೇಳುತ್ತದೆ. ಒಂದು ಪ್ಲಾಂಟಿನ ನಷ್ಟ ಇನ್ನೊಂದರ ಸಾಲಕ್ಕೆ ತಾಗಬಾರದು ಅಂತ.

ಬೀದರ್ ಕೋಟೆ:
ಬ್ಯಾಂಕ್ ಕೇಳುತ್ತದೆ ಅನ್ನುವುದು ನಿಜ, ನಾವೂ ಕೇಳುತ್ತಿದ್ದೆವು. ಟೂ ಬಗ್ಗೆ ನನ್ನ ಮಾತು ಹಿಂದಕ್ಕೆ. ಆದರೆ ಫೈವ್? ₹1 ಲಕ್ಷ ಬಂಡವಾಳ. ಅದರ ಬಗ್ಗೆ ನಾನು ಹೇಳಿದ್ದೇ ಸರಿ.

ಲೆಕ್ಕದ ಪುಸ್ತಕ:
ಹೌದು ಸರ್, ಇವತ್ತಿನ ಮಟ್ಟಿಗೆ ಸರಿ. ಅದಕ್ಕೇ ಎಸ್‌ಪಿವಿಯ ಬಲ ಅಳೆಯುವಾಗ ಅದು ಯಾವ ಹಂತದಲ್ಲಿದೆ ಅಂತ ಕೇಳಬೇಕು.

ಆಳಂದದವರೇ, ಇದನ್ನು ನಿಧಾನವಾಗಿ ಓದಿ. ಪ್ಲಾಂಟ್ ಓಡಲು ಶುರುವಾದ ಮೇಲೆ ವಿದ್ಯುತ್ತಿನ ದುಡ್ಡು ಬ್ಯಾಂಕಿನ ಕಣ್ಗಾವಲಿನಲ್ಲಿರುವ ಒಂದು ಖಾತೆಗೆ ಬೀಳುತ್ತದೆ. ಅಲ್ಲಿಂದ ಯಾರಿಗೆ ಮೊದಲು ಅನ್ನುವ ಸಾಲು ಕರಾರಿನಲ್ಲೇ ಇರುತ್ತದೆ. ಸಾಮಾನ್ಯವಾಗಿ ಮೊದಲು ತೆರಿಗೆ, ಆಮೇಲೆ ಪ್ಲಾಂಟ್ ನಡೆಸುವ ಖರ್ಚು, ಆಮೇಲೆ ಬ್ಯಾಂಕಿನ ಕಂತು. ಇದೆಲ್ಲ ಆಗಿ ಉಳಿದದ್ದು ಕೊನೆಗೆ ಹೋಲ್ಡಿಂಗ್ ಕಂಪನಿಗೆ. ನಿಮ್ಮ ಬಾಡಿಗೆ ನಡೆಸುವ ಖರ್ಚಿನಲ್ಲಿ ಬರುತ್ತದೆ. ಅಂದರೆ ಬ್ಯಾಂಕಿಗಿಂತ ಮುಂಚೆ ನೀವು. ಸೋಲಾರ್ ಟೂನಲ್ಲಿ ₹13 ಕೋಟಿ ಆದಾಯಕ್ಕೆ ಬಾಡಿಗೆ ₹27 ಲಕ್ಷ, ನೂರಕ್ಕೆ ಎರಡು. ಅದನ್ನು ತಪ್ಪಿಸಿ ಜಮೀನಿನ ತಕರಾರು ಎಬ್ಬಿಸಿಕೊಳ್ಳಲು ಬ್ಯಾಂಕೇ ಬಿಡುವುದಿಲ್ಲ.

ಓಡುತ್ತಿರುವ ಪ್ಲಾಂಟಿನಲ್ಲಿ ಎಸ್‌ಪಿವಿ ಜೊತೆಗಿನ ಕರಾರೇ ಗಟ್ಟಿ. ಹೋಲ್ಡಿಂಗ್ ಜೊತೆ ಮಾತ್ರ ಕರಾರು ಮಾಡಿಕೊಂಡರೆ ನೀವು ಸಾಲಿನ ತುದಿಯಲ್ಲಿ ನಿಂತಂತೆ. ಎಲ್ಲ ಪ್ಲಾಂಟಿಗೆ ಸಾಲ ಕೊಟ್ಟವರೆಲ್ಲ ತೆಗೆದುಕೊಂಡು ಉಳಿಸಿದ್ದರಲ್ಲಿ ನಿಮ್ಮ ಪಾಲು.

ಅಪಾಯ ಇರುವುದು ಎರಡು ಕಡೆ. ಒಂದು, ಈಗ. ಸಹಿ ಆದ ಮೇಲೆ ಪ್ಲಾಂಟ್ ಬರುವವರೆಗೆ ಸೋಲಾರ್ ಫೈವ್ ಹತ್ತಿರ ಏನೂ ಇಲ್ಲ. ವಿದ್ಯುತ್ ಕೊಳ್ಳುವ ಕರಾರು ಸಿಗದಿದ್ದರೆ, ಲೈನ್ ಸಂಪರ್ಕ ಸಿಗದಿದ್ದರೆ ಕಂಪನಿಯನ್ನು ಹಾಗೇ ಬಿಟ್ಟುಬಿಡಬಹುದು. ನಿಮ್ಮ ಹೊಲ ಲೀಸಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಎರಡು, ಕೊನೆಗೆ. ವಿದ್ಯುತ್ ಮಾರುವ ಕರಾರು ಸಾಮಾನ್ಯವಾಗಿ 25 ವರ್ಷ, ನಿಮ್ಮ ಲೀಸ್ 29. ಬ್ಯಾಂಕ್ ಸಾಲ ತೀರಿದ ಮೇಲೆ ಆ ಕಣ್ಗಾವಲಿನ ಖಾತೆಯೂ ಇರುವುದಿಲ್ಲ. ಕಂಬ, ಕಾಂಕ್ರೀಟು ಕಿತ್ತು ಹೊಲ ಸರಿಮಾಡಿ ಕೊಡುವ ಖರ್ಚು ಯಾರದು?

ಮೇಲಿನವರನ್ನು ಕೇಳಬಹುದಾ ಅಂದಿರಿ. ಕೇಳಲಾಗುವುದಿಲ್ಲ, ಬರೆದು ಕೊಟ್ಟಿದ್ದರೆ ಮಾತ್ರ. ಹೋಲ್ಡಿಂಗ್ ಬೇರೆ, ಅದರ ಮಕ್ಕಳ ಕಂಪನಿ ಬೇರೆ, ಕಾನೂನಿನ ಕಣ್ಣಲ್ಲಿ ಇಬ್ಬರು ಬೇರೆ ವ್ಯಕ್ತಿಗಳು. 2012ರ ವೊಡಾಫೋನ್ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಎತ್ತಿಹಿಡಿದಿದೆ. ಮೋಸ ಅಂತ ಸಾಬೀತಾದರೆ ಕೋರ್ಟ್ ಆ ಪರದೆ ಸರಿಸಬಹುದು, ಆದರೆ ಬಾಡಿಗೆ ಬಾಕಿ ಉಳಿದದ್ದಕ್ಕೆಲ್ಲ ಸರಿಸುವುದಿಲ್ಲ.

ಆಳಂದ ಹೊಲ:
ಹಾಗಾದರೆ ಡೀಡಿನಲ್ಲಿ ಏನು ಬರೆಸಬೇಕು ಅಕ್ಕಾ?

ಲೆಕ್ಕದ ಪುಸ್ತಕ:
ಪ್ಲಾಂಟ್ ಓಡುವವರೆಗಿನ ಬಾಡಿಗೆಗೆ ಹೋಲ್ಡಿಂಗ್ಸ್ ಕಂಪನಿಯಿಂದ ಗ್ಯಾರಂಟಿ ಪತ್ರ ಕೇಳಿ, ಜೊತೆಗೆ ಬೋರ್ಡ್ ಠರಾವಿನ ಪ್ರತಿ. ಅದು ಆಗಲ್ಲ ಅಂದರೆ ಒಂದೆರಡು ವರ್ಷದ ಬಾಡಿಗೆ ಮುಂಗಡ ಠೇವಣಿ. 8 ಎಕರೆಗೆ ವರ್ಷಕ್ಕೆ ₹2.4 ಲಕ್ಷ, ಅವರಿಗೆ ಅದು ದೊಡ್ಡ ಮೊತ್ತ ಅಲ್ಲ. ಇಷ್ಟು ತಿಂಗಳೊಳಗೆ ಪ್ಲಾಂಟ್ ಬರದಿದ್ದರೆ ಲೀಸ್ ತಾನಾಗಿ ರದ್ದು, ರದ್ದತಿ ಪತ್ರವನ್ನು ಅವರೇ ನೋಂದಾಯಿಸಿ ಕೊಡಬೇಕು ಅಂತಲೂ ಇರಲಿ. ಇಲ್ಲದಿದ್ದರೆ ಋಣಭಾರ ಪತ್ರದಲ್ಲಿ ಅವರ ಹೆಸರು ಹಾಗೇ ಕೂತಿರುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕರಡಿನಲ್ಲಿ "ಮಾಲಕರ ಒಪ್ಪಿಗೆ ಇಲ್ಲದೆ ಲೀಸನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ" ಅಂತ ಇರಬಹುದು. ಅದನ್ನು ನೋಡಿ ಸಮಾಧಾನ ಆಗಬೇಡಿ. ಅವರು ಲೀಸ್ ವರ್ಗಾಯಿಸುವುದೇ ಇಲ್ಲ. ಸೋಲಾರ್ ಫೈವ್‌ನ ಶೇರುಗಳನ್ನು ಬೇರೆ ಗ್ರೂಪಿಗೆ ಮಾರಿಬಿಡುತ್ತಾರೆ. ಕಾಗದದಲ್ಲಿ ನಿಮ್ಮ ಬಾಡಿಗೆದಾರ ಅದೇ ಕಂಪನಿ, ಹಿಂದಿನ ಮಾಲಕರು ಮಾತ್ರ ಬೇರೆ. ಎಸ್‌ಪಿವಿ ಮಾಡುವುದಕ್ಕೆ ಇದೂ ಒಂದು ದೊಡ್ಡ ಕಾರಣ, ಪ್ಲಾಂಟನ್ನು ಕಂಪನಿ ಸಮೇತ ಮಾರಲು ಸುಲಭ. ಅದನ್ನು ತಡೆಯಲು ಅವರು ಒಪ್ಪುವುದಿಲ್ಲ, ಬ್ಯಾಂಕೂ ಒಪ್ಪುವುದಿಲ್ಲ. ಆದರೆ ಶೇರು ಕೈಬದಲಾದರೆ 30 ದಿನದಲ್ಲಿ ತಿಳಿಸಬೇಕು, ಹೊಸ ಮಾಲಕರ ಗ್ಯಾರಂಟಿ ಬರುವವರೆಗೆ ಹಳೆಯದು ನಡೆಯಬೇಕು ಅಂತ ಬರೆಸಬಹುದು.

ಶೇರ್ ಪೇಟೆ ಹುಡುಗ:
ಅಕ್ಕಾ, ಒಂದು ಸಂಶಯ. ಹೋಲ್ಡಿಂಗ್ಸ್ ಕಂಪನಿಯ ಆಸ್ತಿಯೆಲ್ಲ ಶೇರು ಮತ್ತು ಸಾಲ ಅಂದಮೇಲೆ ಅದೂ ಇನ್ವೆಸ್ಟ್‌ಮೆಂಟ್ ಕಂಪನಿ ತಾನೇ? ರಿಸರ್ವ್ ಬ್ಯಾಂಕಿನ ನೋಂದಣಿ ಬೇಡವಾ?

ಲೆಕ್ಕದ ಪುಸ್ತಕ:
ಇದಕ್ಕೂ ಆಳಂದದವರ ಬಾಡಿಗೆಗೂ ಸಂಬಂಧ ಇಲ್ಲ, ಅವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ನಿನಗೆ ಮಾತ್ರ ಹೇಳುತ್ತೇನೆ.

ಕಂಪನಿ ಕಾಯ್ದೆಯ ಕಲಂ 186 ಒಂದು ಅಳತೆ ಕೊಡುತ್ತದೆ. ಒಟ್ಟು ಆಸ್ತಿಯಲ್ಲಿ ಅರ್ಧದಷ್ಟು ಶೇರು-ಡಿಬೆಂಚರ್ ಇರಬೇಕು, ಅಥವಾ ಆದಾಯದಲ್ಲಿ ಅರ್ಧ ಹೂಡಿಕೆಯಿಂದ ಬರಬೇಕು. ₹610 ಕೋಟಿಯಲ್ಲಿ ಶೇರು ₹330 ಕೋಟಿ, ನೂರಕ್ಕೆ 54. ಅಂದರೆ ಈ ಕಲಂ ಪ್ರಕಾರ ಅದು ಇನ್ವೆಸ್ಟ್‌ಮೆಂಟ್ ಕಂಪನಿ.

ಇಲ್ಲಿ 'ಅಥವಾ' ಇದ್ದರೆ ರಿಸರ್ವ್ ಬ್ಯಾಂಕಿನ ಸಾಮಾನ್ಯ ಅಳತೆಯಲ್ಲಿ 'ಮತ್ತು' ಇದೆ. ಹಣಕಾಸು ಆಸ್ತಿ ಅರ್ಧಕ್ಕಿಂತ ಜಾಸ್ತಿ, ಮತ್ತು ಅದರಿಂದ ಬರುವ ಆದಾಯವೂ ಅರ್ಧಕ್ಕಿಂತ ಜಾಸ್ತಿ ಇರಬೇಕು. ಇಲ್ಲಿ ಬಡ್ಡಿ ₹19 ಕೋಟಿಯಲ್ಲಿ ₹8 ಕೋಟಿ, ನೂರಕ್ಕೆ 42. ಹಾಗಾಗಿ ಅದು ಎನ್‌ಬಿಎಫ್‌ಸಿ ಅಲ್ಲ, ಅಂದರೆ ರಿಸರ್ವ್ ಬ್ಯಾಂಕಿನ ನೋಂದಣಿ ಬೇಕಾದ ಬ್ಯಾಂಕೇತರ ಹಣಕಾಸು ಕಂಪನಿ ಅಲ್ಲ. ಆ ₹11 ಕೋಟಿ ಮ್ಯಾನೇಜ್‌ಮೆಂಟ್ ಶುಲ್ಕ ಅದನ್ನು ಗೆರೆಯ ಈಚೆ ಉಳಿಸಿದೆ. ಒಂದೇ ಕಂಪನಿ, ಒಂದೇ ವರ್ಷ, ಒಂದು ಕಾಯ್ದೆಗೆ ಇನ್ವೆಸ್ಟ್‌ಮೆಂಟ್ ಕಂಪನಿ, ಇನ್ನೊಂದರ ಅಳತೆಗೆ ಅಲ್ಲ.

ಉಳಿದದ್ದು ಕೋರ್ ಇನ್ವೆಸ್ಟ್‌ಮೆಂಟ್ ಕಂಪನಿ, ಅಂದರೆ ಸ್ವಂತ ಗ್ರೂಪಿನ ಕಂಪನಿಗಳಲ್ಲೇ ದುಡ್ಡು ಹಾಕಿರುವಂಥದ್ದು. ಅಲ್ಲಿ ಆದಾಯ ನೋಡುವುದಿಲ್ಲ. ಬ್ಯಾಂಕಿನಲ್ಲಿರುವ ನಗದು, ಮುಂಗಡ ತೆರಿಗೆ ಇಂಥವನ್ನು ಕಳೆದ ಆಸ್ತಿಯಲ್ಲಿ ನೂರಕ್ಕೆ 90 ಗ್ರೂಪಿನೊಳಗೆ ಇರಬೇಕು, 60 ಈಕ್ವಿಟಿ ಶೇರಾಗಿಯೇ ಇರಬೇಕು. ಕಳೆಯಬೇಕಾದದ್ದು ಸುಮಾರು ₹30 ಕೋಟಿ ಅಂತ ಇಟ್ಟುಕೊಂಡರೆ ಉಳಿಯುವುದು ₹580 ಕೋಟಿ. ₹540 ಕೋಟಿ ಗ್ರೂಪಿನಲ್ಲಿದೆ, 93. ಅದು ಸರಿಹೋಯಿತು. ಈಕ್ವಿಟಿ ₹330 ಕೋಟಿ, 57. ಸ್ವಲ್ಪದರಲ್ಲಿ ತಪ್ಪಿತು.

ಆದರೆ ಆ ₹210 ಕೋಟಿ ಸಾಲದಲ್ಲಿ ಕಡ್ಡಾಯವಾಗಿ ಶೇರಾಗಿ ಬದಲಾಗುವ ಡಿಬೆಂಚರ್ ಎಷ್ಟಿದೆ? ಹತ್ತು ವರ್ಷದೊಳಗೆ ಶೇರಾಗುವಂಥವು 60ರ ಲೆಕ್ಕಕ್ಕೆ ಸೇರುತ್ತವೆ. ಸೋಲಾರ್ ಗ್ರೂಪುಗಳಲ್ಲಿ ಇವನ್ನು ತುಂಬಾ ಬಳಸುತ್ತಾರೆ. ₹20 ಕೋಟಿಯಷ್ಟಿದ್ದರೂ ಗೆರೆ ದಾಟುತ್ತದೆ. ಆಮೇಲೂ ಆಸ್ತಿ ₹100 ಕೋಟಿಗೆ ಕಡಿಮೆ ಇರಬಾರದು, ಜೊತೆಗೆ ಬ್ಯಾಂಕ್ ಸಾಲದಂಥ ಹೊರಗಿನ ದುಡ್ಡು ತೆಗೆದಿರಬೇಕು. ಆಗ ಮಾತ್ರ ನೋಂದಣಿ ಬೇಕು.

ಶೇರ್ ಪೇಟೆ ಹುಡುಗ:
ಬ್ಯಾಲೆನ್ಸ್ ಶೀಟಿನ ನೋಟ್ಸ್‌ನಲ್ಲಿ ಇರುತ್ತದಲ್ವಾ? ಆಳಂದ ಅಣ್ಣಾ, ಆ ಪುಟ ಸಿಕ್ಕರೆ ಹಾಕುತ್ತೀರಾ?

ತೊಗರಿ ಮಿಲ್:
ನನಗೆ ತಲೆ ತಿರುಗಿತು. ಆದರೆ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ ಅನ್ನುವುದು ನೂರಕ್ಕೆ ನೂರು ಸರಿ. ಹೋದ ವಾರ ಮ್ಯಾನೇಜರ್ ಹತ್ತಿರ ಕೇಳಿದೆ. "ಜಾಗದ ಕಂಪನಿಯ ಸಹಿ ಇಲ್ಲದೆ ಲಿಮಿಟ್ ಇಲ್ಲ" ಅಂದರು. ಆಡಿಟರ್ ಮಾತ್ರ ಇನ್ನೂ ಮಾಡಿಸಿ ಅಂತಿದ್ದಾರೆ, ಮಕ್ಕಳಿಗೆ ಪಾಲು ಹಂಚಲು ಅನುಕೂಲ ಅಂತ.

ಲೆಕ್ಕದ ಪುಸ್ತಕ:
ಪಾಲು ಹಂಚಲು ಅಂದರೆ ಅದು ಬೇರೆ ಲೆಕ್ಕ ಸರ್, ಅದರಲ್ಲಿ ಅರ್ಥ ಇದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.

ಆಳಂದ ಹೊಲ:
ಅವರ ಜೊತೆ ಮತ್ತೆ ಕೂತಿದ್ದೆವು, ಅಕ್ಕಪಕ್ಕದ ಹೊಲದವರೂ ಇದ್ದರು. ಎರಡು ವರ್ಷದ ಬಾಡಿಗೆ ಠೇವಣಿಗೆ ಒಪ್ಪಿದ್ದಾರೆ. 18 ತಿಂಗಳಲ್ಲಿ ಪ್ಲಾಂಟ್ ಬರದಿದ್ದರೆ ಲೀಸ್ ರದ್ದು ಅನ್ನುವುದಕ್ಕೂ ಒಪ್ಪಿದರು. ಹೋಲ್ಡಿಂಗ್ಸ್ ಗ್ಯಾರಂಟಿ ಆಗುವುದೇ ಇಲ್ಲ ಅಂದರು. ಕೊನೆಗೆ ಕಾಂಕ್ರೀಟು ಕಿತ್ತುಕೊಡುವ ಖರ್ಚಿಗೆ ಏನನ್ನೂ ಬರೆದುಕೊಡಲು ತಯಾರಿಲ್ಲ, "29 ವರ್ಷ ಆದಮೇಲೆ ನೋಡೋಣ" ಅಂದರು. ಇನ್ನೊಂದು, ನಾವು ಬ್ಯಾಂಕಿಗೆ ಒಂದು ಒಪ್ಪಿಗೆ ಪತ್ರ ಕೊಡಬೇಕಂತೆ. ಕೊಡಬಹುದಾ?

ಬೀದರ್ ಕೋಟೆ:
ಇದು ನನಗೆ ಗೊತ್ತಿರುವ ವಿಷಯ ತಮ್ಮಾ, ಹೇಳುತ್ತೇನೆ. ಬ್ಯಾಂಕ್ ಕೇಳುವುದು ಸಹಜ, ಕೊಡದಿದ್ದರೆ ಸಾಲ ಆಗುವುದಿಲ್ಲ. ಆದರೆ ಪತ್ರದಲ್ಲಿ ಅಡವು ಏನು ಅಂತ ನೋಡು. "ಕಂಪನಿಯ ಲೀಸ್ ಹಕ್ಕು" ಅಂತ ಇದ್ದರೆ ಸರಿ. "ಜಮೀನು" ಅಂತಲೋ, "ಮಾಲಕರ ಹಕ್ಕು ಸಹಿತ" ಅಂತಲೋ ಇದ್ದರೆ ಸಹಿ ಹಾಕಬೇಡ, ಆಗ ಅವರ ಸಾಲಕ್ಕೆ ನಿನ್ನ ಹೊಲ ಹೋಗುತ್ತದೆ. ಇನ್ನೂ ಒಂದು ಸಾಲು ಸೇರಿಸಲು ಹೇಳು. ಬ್ಯಾಂಕು ಪ್ಲಾಂಟನ್ನು ವಶಕ್ಕೆ ತೆಗೆದುಕೊಂಡರೆ ಹಳೆಯ ಬಾಡಿಗೆ ಬಾಕಿಯನ್ನೂ ಬ್ಯಾಂಕೇ ತೀರಿಸಬೇಕು ಅಂತ. ನಾವು ಇಂಥದ್ದಕ್ಕೆ ಒಪ್ಪಿದ್ದುಂಟು.

ಕಾಂಕ್ರೀಟಿನ ವಿಷಯ ಬಿಡಬೇಡ. ನೀನು ಒಬ್ಬನೇ ಕೇಳಿದರೆ ಆಗುವುದಿಲ್ಲ, ಅಷ್ಟೂ ಹೊಲದವರು ಸೇರಿ ಕೇಳಿ.

ಲೆಕ್ಕದ ಪುಸ್ತಕ:
ಕೋಟೆ ಸರ್ ಹೇಳಿದ್ದು ಪೂರ್ತಿ ಸರಿ. ಕಾಂಕ್ರೀಟಿಗೆ ಒಂದು ದಾರಿ: 20ನೇ ವರ್ಷದಿಂದ ಪ್ರತಿ ವರ್ಷ ಎಕರೆಗೆ ಇಷ್ಟು ಅಂತ ಬೇರೆ ಠೇವಣಿಯಲ್ಲಿ ಸೇರಿಸುತ್ತಾ ಹೋಗಲಿ. ಆಗ ಪ್ಲಾಂಟಿಗೆ ಆದಾಯ ಇರುತ್ತದೆ, ಕೊಡಲು ಕಷ್ಟ ಆಗುವುದಿಲ್ಲ. ಕರಡು ಬದಲಾಗಿ ಬಂದಾಗ ಒಪ್ಪಿಗೆ ಪತ್ರದ ಪ್ರತಿಯನ್ನೂ ಇಲ್ಲಿ ಹಾಕಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಇಬ್ಬರೂ ಓದಿ ನೋಡುತ್ತೇವೆ.